ಮರೆಪ್ಪನ ಅಂಗಾಲಿನ ಬಗ್ಗೆ ಒಂದು ಕಾಗದ

ಗುಂಡಮ್ಮ ಬರೆದಿಡುವ ಹೆಂಗಸು. ತೆಲುಗು ಸೀಮೆಯ ಗಡಿಯಲ್ಲಿ, ಬಶೀರಾಬಾದಿನ ಆಚೆಗಿರುವ ಅವರ ಊರಿನಲ್ಲಿ ಕುರಿ ಸಾಕುವ ಮನೆಗಳು ಹತ್ತಿಪ್ಪತ್ತು ಇದ್ದರೂ, ಯಾವ ಕುರಿ ಯಾವಾಗ ಈದಿತು, ಯಾವುದಕ್ಕೆ ಹುಳುವಿನ ಔಷಧಿ ಯಾವಾಗ ಕುಡಿಸಿದ್ದಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು ಅವಳೊಬ್ಬಳೇ. ಸೇಡಂ ಕಡೆಯ ತವರಿನಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಓದಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಅತ್ತೆ, ‘ಬರಿಯೋದ್ರಾಗ ಕುರಿ ಹೊಟ್ಟಿ ತುಂಬತದೇನ?’ ಎಂದು ಚುಚ್ಚುತ್ತಿದ್ದಳಂತೆ. ಗುಂಡಮ್ಮ ಎದುರು ಮಾತಾಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಅವಳ ಹಟ ಅಂಥದ್ದು. ಗದ್ದಲವಿಲ್ಲದ ಹಟ, ಆದರೆ ಅಲುಗಾಡುವಂಥದ್ದಲ್ಲ.

ಅವಳ ಗಂಡ ಮರೆಪ್ಪನದು ಇನ್ನೊಂದು ಜಾತಿಯ ಹಟ. ಐವತ್ತೆಂಟರ ವಯಸ್ಸಿನಲ್ಲೂ ದಿನಕ್ಕೆ ಎಂಟು ಹತ್ತು ಮೈಲಿ ಕುರಿ ಹಿಂದೆ ನಡೆಯುವ ಮನುಷ್ಯ. ಜ್ವರ ಬಂದರೆ ‘ಏನಿಲ್ಲ’, ಕೈಗೆ ಕೊಡಲಿ ತಾಗಿದರೆ ‘ಏನಿಲ್ಲ’. ತಾಂಡೂರಿನ ಡಾಕ್ಟರ ಮುಂದೆ ಕೂರಿಸಿದರೂ ‘ಏನಿಲ್ರಿ’ ಎಂದು ಎದ್ದುಬಿಡುತ್ತಿದ್ದ. ಅದಕ್ಕೊಂದು ಕಾರಣವೂ ಇತ್ತು. ಅವನ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಹುಣ್ಣು ಕೊಳೆತು ಪಟ್ಟಣದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಆಮೇಲೆ ಆ ಮುದುಕ ಮಂಚ ಬಿಟ್ಟು ಇಳಿಯಲಿಲ್ಲ, ವರ್ಷದೊಳಗೆ ಹೋಗಿಬಿಟ್ಟ. ಆಸ್ಪತ್ರೆ ಎಂದರೆ ಕಾಲು ಹೋಗುವ ಜಾಗ ಎಂದು ಮರೆಪ್ಪನ ತಲೆಯಲ್ಲಿ ಕೂತಿದ್ದು ಆಗಲೇ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವನು ಕುಂಟುತ್ತ ಮನೆಗೆ ಬಂದ. ಬಲ ಅಂಗಾಲಿನಲ್ಲಿ, ಹಿಮ್ಮಡಿಗೆ ತುಸು ಮುಂದೆ, ಜಾಲಿ ಮುಳ್ಳು ಮುರಿದಿದೆ ಎಂದ. ಗುಂಡಮ್ಮ ಸೂಜಿಯಿಂದ ಬಿಡಿಸಿ ತೆಗೆದಳು. ಆಮೇಲೆ ಅಲ್ಲಿಯವರು ಎಲ್ಲರೂ ಮಾಡುವುದನ್ನೇ ಮಾಡಿದಳು. ಜೀಡಿ ಬೀಜ ಕಾಯಿಸಿ, ಅದರ ಕರಿ ಎಣ್ಣೆಯನ್ನು ಮುಳ್ಳು ಹೋದ ಜಾಗಕ್ಕೆ ಹಚ್ಚಿದಳು. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದೇ ಬೀಜ. ಮುಳ್ಳಿನ ತುಂಡು ಒಳಗುಳಿದಿದ್ದರೆ ಎಳೆದು ಹಾಕುತ್ತದೆ ಎಂಬುದು ಕುರಿ ಕಾಯುವವರ ನಂಬಿಕೆ. ಎಣ್ಣೆ ಎಳೆಯುವುದೇನೋ ದೇವರಿಗೇ ಗೊತ್ತು, ಸುಡುವುದಂತೂ ಖರೆ. ಹಚ್ಚಿದ ಕಡೆ ಕಪ್ಪು ಕಲೆ ಕೂಡುತ್ತದೆ. ಆ ಸೀಮೆಯಲ್ಲಿ ಕುರಿ ಕಾಯುವ ಯಾವ ಗಂಡಸಿನ ಅಂಗಾಲು ತಿರುಗಿಸಿ ನೋಡಿದರೂ ಅಂಥ ಒಂದೆರಡು ಕಲೆ ಸಿಗುತ್ತವೆ.

ಫೆಬ್ರುವರಿಯಲ್ಲಿ ಮರೆಪ್ಪನಿಗೆ ಕೆಮ್ಮು ಹಿಡಿದಾಗ ತಾಂಡೂರಿಗೆ ಹೋದರು. ಡಾಕ್ಟರ್ ಆತ್ಮಾರಾಮ ಔರಾದ ಕಡೆಯವರು, ಮೂವತ್ತು ವರ್ಷದಿಂದ ತಾಂಡೂರಿನಲ್ಲಿದ್ದರು. ಗುಂಡಮ್ಮನ ಮಗನ ದಡಾರಕ್ಕೂ ಸೊಸೆಯ ಬಸಿರಿಗೂ ಔಷಧಿ ಕೊಟ್ಟವರು ಅವರೇ. ಕೆಮ್ಮಿನ ಮಾತು ಮುಗಿದ ಮೇಲೆ ಗುಂಡಮ್ಮ, ‘ಕಾಲಿಂದೂ ಜರಾ ನೋಡ್ರಿ’ ಎಂದಳು. ಹೊರಗೆ ನಲವತ್ತು ಮಂದಿ ಚೀಟಿ ಹಿಡಿದು ಕೂತಿದ್ದರು. ಡಾಕ್ಟರು ಬಗ್ಗಿ ನೋಡಿ, ‘ಜೀಡಿ ಹಚ್ಚಿರೇನು?’ ಎಂದು ಕೇಳಿದರು. ‘ಹೌದ್ರಿ’ ಎಂದ ಮರೆಪ್ಪ ಅವಸರವಾಗಿ. ‘ಜೀಡಿ ಕಲಿ ಅದ. ತಾನ ಹೋಗತದ. ಇನ್ನ ಮುಂದ ಹಚ್ಚಬ್ಯಾಡ್ರಿ’ ಎಂದರು ಡಾಕ್ಟರು. ಮರೆಪ್ಪ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದ.

ತಾನಾಗಿ ಹೋಗುತ್ತದೆ ಎಂದಮೇಲೆ ಹೋಗಬೇಕಲ್ಲ? ಗುಂಡಮ್ಮ ಕಾದಳು. ಅವಳ ತೋರುಬೆರಳಿಗೂ ಅದೇ ದಿನ ಜೀಡಿ ತಾಗಿ ಕಪ್ಪಾಗಿತ್ತು. ಮೂರು ವಾರಕ್ಕೆ ಬೆರಳಿನ ಕಪ್ಪು ಸಿಪ್ಪೆ ಸುಲಿದು ಹೋಯಿತು. ಅಂಗಾಲಿನ ಚರ್ಮ ದಪ್ಪ, ಇನ್ನೊಂದು ತಿಂಗಳು ಹೆಚ್ಚು ಹಿಡಿದೀತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಮನಸ್ಸು ಕೇಳಲಿಲ್ಲ. ಮಾರ್ಚಿನ ಅಮಾವಾಸ್ಯೆಗೆ ಮರೆಪ್ಪ ಎಣ್ಣೆ ಹಚ್ಚಿಕೊಂಡು ಜಳಕ ಮಾಡಿ ಕೂತಿದ್ದಾಗ, ಸೊಸೆ ರಾಜೇಶ್ವರಿಯ ಫೋನು ತರಿಸಿ ಅಂಗಾಲಿನ ಫೋಟೋ ತೆಗೆಸಿದಳು.

‘ಅಂಗಾಲಿಂದು ಯಾರರ ಫೋಟೋ ತೆಗಿತಾರೇನ? ನಗಾಡ್ತಾರ ಮಂದಿ’ ಎಂದ ಮರೆಪ್ಪ.

‘ಮಂದಿಗಿ ತೋರ್ಸಾಕ ಅಲ್ಲ. ನಂಗ ನೋಡಾಕ ಬೇಕಾಗ್ಯದ. ಸುಮ್ಮ ಕುಂದ್ರು’ ಎಂದಳು ಗುಂಡಮ್ಮ.

ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಒಂದು ಫೋಟೋ. ಅಮಾವಾಸ್ಯೆಯೇ ಯಾಕೆಂದರೆ ಅವತ್ತೊಂದು ದಿನ ಮಾತ್ರ ಮರೆಪ್ಪನ ಕಾಲು ಉಜ್ಜಿ ತೊಳೆದದ್ದಾಗಿರುತ್ತಿತ್ತು. ಜಾಗವೂ ಒಂದೇ, ಬೆಳಗಿನ ಬಿಸಿಲು ಬೀಳುವ ಹೊಸ್ತಿಲು. ಎರಡನೆಯ ಸಲದಿಂದ ರಾಜೇಶ್ವರಿ ಬಟ್ಟೆ ಹೊಲಿಯಲು ಇಟ್ಟುಕೊಂಡಿದ್ದ ಟೇಪನ್ನು ಕಲೆಯ ಪಕ್ಕಕ್ಕೆ ಇಟ್ಟು ತೆಗೆದರು. ಆ ಬುದ್ಧಿ ರಾಜೇಶ್ವರಿಯದು. ‘ದೊಡ್ಡದಾಗ್ಯದ ಅಂದ್ರ ಎಷ್ಟ ಅಂತ ಕೇಳ್ತಾರ್ರಿ ಅತ್ತಿ’ ಎಂದಿದ್ದಳು.

ಏಪ್ರಿಲ್ಲಿನಲ್ಲಿ, ಆ ತನಕ ತೆಗೆದ ಎರಡು ಫೋಟೋಗಳನ್ನು ರಾಜೇಶ್ವರಿ ದವಾಖಾನೆಯ ಫೋನಿಗೆ ಕಳಿಸಿಯೂ ಕಳಿಸಿದಳು. ಆ ಫೋನು ಇರುವುದು ಕಂಪೌಂಡರ್ ಮೊಗಲಪ್ಪನ ಕೈಯಲ್ಲಿ. ಹೆಬ್ಬೆರಳು ಎತ್ತಿದ ಚಿತ್ರವೊಂದು ವಾಪಸ್ಸು ಬಂತು. ಮೊಗಲಪ್ಪ ಎಲ್ಲರಿಗೂ ಅದನ್ನೇ ಕಳಿಸುತ್ತಾನೆ, ರಕ್ತದ ರಿಪೋರ್ಟಿಗೂ, ಹಬ್ಬದ ಶುಭಾಶಯಕ್ಕೂ. ಅದರಿಂದ ಏನೂ ಆಗಲಿಲ್ಲ.

ಮೇ ತಿಂಗಳ ಅಮಾವಾಸ್ಯೆಗೆ ನೋಡಿದರೆ ಕಲೆ ಒಮ್ಮೆಲೇ ಅಂಗೈಯಷ್ಟು ಅಗಲವಾಗಿತ್ತು! ಗುಂಡಮ್ಮ ಕಾಲನ್ನು ಬಿಸಿಲಿಗೆ ತಿರುಗಿಸಿದಳು. ಬಗ್ಗಿ ಮೂಸಿದಳು. ಜೀಡಿಯ ಘಾಟು. ಮೂರು ದಿನದ ಹಿಂದೆ ಮರೆಪ್ಪ ಹಟ್ಟಿಯಲ್ಲಿ ಕೂತು ತಾನೇ ಹಚ್ಚಿಕೊಂಡಿದ್ದ.

‘ಮುಳ್ಳು ಒಳಗ ಅದ. ಅದಕ್ಕ ಹೋಗವಲ್ದು’ ಎಂದ.

‘ಮುಳ್ಳು ನಾ ಕೈಯಾರ ತೆಗ್ದೀನಿ. ನಿನ್ನ ಮುಂದ ಇಟ್ಟು ತೋರ್ಸೀನಿ. ಒಳಗ ಇನ್ಯಾವ ಮುಳ್ಳದ?’

ಮರೆಪ್ಪ ಬಡಿಗೆ ಹಿಡಿದು ಹೊರಗೆ ಹೋದ. ಗುಂಡಮ್ಮ ಮನೆಯಲ್ಲಿದ್ದ ಜೀಡಿ ಬೀಜವನ್ನೆಲ್ಲ ತಿಪ್ಪೆಗೆ ಸುರಿದಳು. ಆ ಸಿಟ್ಟಿನಲ್ಲೂ ಫೋಟೋ ತೆಗೆಸುವುದನ್ನು ಮಾತ್ರ ಬಿಡಲಿಲ್ಲ.

ಜೂನಿನ ಹೊತ್ತಿಗೆ ಹೊಸ ಜೀಡಿಯ ಕಪ್ಪು ಉದುರುತ್ತ ಬಂತು, ಜುಲೈಗೆ ಪೂರಾ ಹೋಯಿತು. ಅದರ ನಡುವೆ ಹಳೆಯದು ಹಾಗೆಯೇ ಕೂತಿತ್ತು. ಹಾಗೆಯೇ ಎಂದರೆ ತಪ್ಪು, ಅದು ಬೆಳೆದಿತ್ತು. ಗುಂಡಮ್ಮ ಹೊಸ್ತಿಲಲ್ಲಿ ಕೂತು ಫೋನಿನಲ್ಲಿ ಫೋಟೋಗಳನ್ನು ಹಿಂದೆ ಮುಂದೆ ಸರಿಸಿ ಸರಿಸಿ ನೋಡಿದಳು. ಕುರಿಗೆ ಹಚ್ಚಿದ ಬಣ್ಣ ಮಳೆಗೆ ಹೋಗುತ್ತದೆ, ಹುಟ್ಟಾ ಬಂದ ಮಚ್ಚೆ ಹೋಗುವುದಿಲ್ಲ. ಇಷ್ಟು ಅವಳಿಗೆ ಗೊತ್ತಿತ್ತು. ಇದು ಹಚ್ಚಿದ ಬಣ್ಣವಲ್ಲ. ಹಾಗಿದ್ದರೆ ಮತ್ತೇನು? ಅವಳಿಗೆ ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವಳು ಮಾಡುವ ಕೆಲಸ ಒಂದೇ, ಬರೆಯುವುದು.

‘ಡಾಕ್ಟರಿಗಿ ಕಾಗದ ಬರೀತೀನಿ’ ಎಂದಳು.

‘ಹೋಗಿ ಹೇಳಿದ್ರ ಆಗಂಗಿಲ್ರೀ ಅತ್ತಿ?’ ಎಂದಳು ರಾಜೇಶ್ವರಿ.

‘ಎರಡು ಮಿನಿಟಿನಾಗ ನಾ ಏನ್ ಹೇಳ್ಲಿ? ನಿಮ್ಮ ಮಾವ ಬಾಜೂಕ ಕುಂತು ಏನಿಲ್ರಿ ಅಂತಾನ. ಅವನ ಮಾತ ಮ್ಯಾಲ ಬೀಳತದ. ಕಾಗದಕ್ಕ ನಡುವ ಬಾಯಿ ಹಾಕಾಕ ಬರಂಗಿಲ್ಲ.’

ರಾಜೇಶ್ವರಿ ಅನುಮಾನಿಸಿದಳು. ‘ಆದ್ರ ಸಾಹೇಬರು ಜೀಡಿ ಅಂದಾರಲ್ರಿ. ಅವರದು ಗಲತಿ ಅಂತ ಬರೀತೀರೇನ್ರಿ?’

‘ಗಲತಿ ಅಂತ ನಾ ಯಾಕ ಬರೀಲಿ? ಅವರು ಏನ್ ಅಂದ್ರು ಅದನ್ನೂ ಬರೀತೀನಿ. ಕಾಲು ಏನ್ ಅಂತದ ಅದನ್ನೂ ಬರೀತೀನಿ. ಓದಿದವರು, ತಾವ ತಿಳಕೋತಾರ.’

ಎರಡು ದಿನ ಹಿಡಿಯಿತು. ಮೊದಲ ಸಲ ಬರೆದದ್ದು ನಾಲ್ಕು ಪುಟ ಆಯಿತು. ಅತ್ತೆಯ ಕಾಟದಿಂದ ಹಿಡಿದು ಮಾವನ ಕಾಲಿನ ತನಕ ಎಲ್ಲ ಬಂದಿತ್ತು. ಓದಿ ನೋಡಿ ತನಗೇ ನಗು ಬಂತು, ಹರಿದು ಹಾಕಿದಳು. ನಲವತ್ತು ಮಂದಿ ಕಾಯುವ ಡಾಕ್ಟರು ಒಂದೇ ಉಸಿರಿಗೆ ಓದುವಂತಿರಬೇಕು ಎಂದುಕೊಂಡು ಒಂದು ಹಾಳೆಯ ಎರಡು ಮಗ್ಗುಲಿಗೆ ಇಳಿಸಿದಳು. ಬಸ್ಸು ಹತ್ತಿ ತಾಂಡೂರಿಗೆ ಹೋಗಿ, ಸ್ಟುಡಿಯೋದಲ್ಲಿ ಐದು ಫೋಟೋ ಪ್ರಿಂಟು ಹಾಕಿಸಿದಳು. ಸ್ಟುಡಿಯೋದವನು ಪೆನ್ನು ಕೊಟ್ಟ. ಫೋನಿನಲ್ಲಿದ್ದ ತಾರೀಖು ನೋಡಿ ಪ್ರತಿಯೊಂದರ ಬೆನ್ನಿಗೂ ತಾನೇ ಬರೆದಳು. ಕಾಗದ ಹೀಗಿತ್ತು:

‘ಡಾಕ್ಟರ್ ಆತ್ಮಾರಾಮ ಸಾಹೇಬರಿಗೆ ಗುಂಡಮ್ಮ ಮಾಡುವ ನಮಸ್ಕಾರ. ಇದು ನನ್ನ ಮಾಲಕರು ಮರೆಪ್ಪ ಇವರ ಬಲಗಾಲಿನ ಅಂಗಾಲಿನ ವಿಷಯ. ವಯಸ್ಸು 58. ಸಕ್ಕರೆ ಇಲ್ಲ, ನೀವೇ ಫೆಬ್ರುವರಿಯಲ್ಲಿ ನೋಡಿದ್ದೀರಿ. ಜನವರಿ 20ಕ್ಕೆ ಮುಳ್ಳು ತೆಗೆದು ಜೀಡಿ ಹಚ್ಚಿದೆವು. ಮೊದಲು ಹಚ್ಚಿದವಳು ನಾನು. ಫೆಬ್ರುವರಿಯಲ್ಲಿ ನೀವು ನೋಡಿ ಜೀಡಿ ಕಲೆ, ತಾನೇ ಹೋಗುತ್ತದೆ ಎಂದಿರಿ. ಹೋಗಿಲ್ಲ. ಫೋಟೋ ಇಟ್ಟಿದ್ದೇನೆ.

10–3–2024ರ ಫೋಟೋಕ್ಕೆ ಅಳತೆ ಇಲ್ಲ, ಆಗ ನನಗೆ ತಿಳಿಯಲಿಲ್ಲ. 8–4ರದು ಒಂಬತ್ತು ಮಿಲಿಮೀಟರು. 8–5ರ ಫೋಟೋ ಲೆಕ್ಕಕ್ಕೆ ಹಿಡಿಯಬೇಡಿರಿ, ಅದಕ್ಕೆ ಮೂರು ದಿನ ಮೊದಲು ಅವರು ನಮಗೆ ಹೇಳದೆ ಮತ್ತೆ ಜೀಡಿ ಹಚ್ಚಿಕೊಂಡಿದ್ದರು. ಆ ಹೊಸ ಜೀಡಿ ಈಗ ಪೂರಾ ಹೋಗಿದೆ, ಹಳೆಯದು ಹೋಗಿಲ್ಲ. 6–6ರದು ಹನ್ನೊಂದು. 5–7ರದು ಹನ್ನೆರಡು ದಾಟಿದೆ. ಮೊದಲು ದುಂಡಗಿತ್ತು, ಈಗ ಬೆರಳಿನ ಕಡೆಗೆ ಒಂದು ಮೂಲೆ ಚಾಚಿದೆ. ಮೊದಲು ಒಂದೇ ಬಣ್ಣ, ಈಗ ನಡುವೆ ಕಪ್ಪು, ಅಂಚಿಗೆ ಕಂದು. ನೋವಿಲ್ಲ, ರಕ್ತ ಬಂದಿಲ್ಲ, ತುರಿಕೆ ಇಲ್ಲ ಅನ್ನುತ್ತಾರೆ. ಅವರು ಎಲ್ಲದಕ್ಕೂ ಇಲ್ಲ ಅನ್ನುವವರು, ನೀವೇ ಕೇಳಿರಿ.’

ಹಾಳೆಯ ಆ ಮಗ್ಗುಲಿಗೆ ಪ್ರಶ್ನೆಗಳು. ಒಂದೊಂದರ ಕೆಳಗೂ ಡಾಕ್ಟರು ಉತ್ತರ ಬರೆಯಲು ಎರಡು ಗೆರೆ ಜಾಗ ಬಿಟ್ಟಿದ್ದಳು. ಅಂಗಾಲಿಗೆ ಹಚ್ಚಿದ ಜೀಡಿ ಎಷ್ಟು ದಿನ ಇರುತ್ತದೆ, ಐದು ತಿಂಗಳು ಇರುವುದುಂಟೆ? ಜೀಡಿಯ ಕಲೆಯಾದರೆ ಹಚ್ಚದೆ ದೊಡ್ಡದಾಗುವುದು ಹೇಗೆ? ಬಶೀರಾಬಾದಿನಲ್ಲಿ ಒಬ್ಬರು ಔಷಧಿ ಹಾಕಿ ಸುಟ್ಟು ತೆಗೆಯುತ್ತೇನೆ ಎನ್ನುತ್ತಾರೆ, ತೆಗೆಸಬಹುದೆ? ಇದು ಏನೆಂದು ತಿಳಿಯಲು ಯಾವ ಪರೀಕ್ಷೆ ಇದೆ? ಯಾರಿಗೆ ತೋರಿಸಬೇಕು, ಎಷ್ಟು ದಿನದೊಳಗೆ, ದಿನ ಬರೆದು ಕೊಡಿರಿ. ಅಲ್ಲಿಯ ತನಕ ಕುರಿ ಹಿಂದೆ ನಡೆಯಬಹುದೆ? ಒಟ್ಟು ಆರು.

ದವಾಖಾನೆಯಲ್ಲಿ ಮೊಗಲಪ್ಪ ಚೀಟಿ ಬರೆಯಲು ಪೆನ್ನೆತ್ತಿದ. ‘ಯಾರಿಗಿ ಆರಾಮಿಲ್ಲಬೇ?’

‘ಮಾಲಕರಿಗಿ. ಅವರು ಬಂದಿಲ್ಲ, ಕಾಗದ ಬಂದದ.’

‘ಕಾಗದಕ್ಕ ಚೀಟಿ ಕೊಡಾಕ ಬರಂಗಿಲ್ಲ. ನನ್ನ ಕಡಿ ಕೊಡು, ಕೊಡ್ತೀನಿ.’

‘ನಿನ್ನ ಕಡಿ ಏಪ್ರಿಲ್‌ನಾಗ ಕೊಟ್ಟಿದ್ದೆವಲ್ಲ, ಹೆಬ್ಬಟ್ಟ ಎತ್ತಿ ತೋರಿಸಿದಿ. ಈ ಸಲ ನಾನೇ ಕೊಡ್ತೀನಿ. ನನ್ನ ಹೆಸರಲೆ ಚೀಟಿ ಬರಿ.’

ಮೊಗಲಪ್ಪ ಮುಖ ಸಣ್ಣದು ಮಾಡಿ ಬರೆದುಕೊಟ್ಟ. ಮೂವತ್ತೊಂದನೆಯ ನಂಬರು. ಮಧ್ಯಾಹ್ನ ದಾಟಿದ ಮೇಲೆ ಒಳಗೆ ಹೋಗಿ, ಮಾತಾಡದೆ, ಹಾಳೆ ಮತ್ತು ಐದು ಫೋಟೋಗಳನ್ನು ಡಾಕ್ಟರ ಮುಂದೆ ಸಾಲಾಗಿ ಇಟ್ಟಳು. ಡಾಕ್ಟರು ಕಾಗದ ಒಮ್ಮೆ ಓದಿದರು. ಫೋಟೋ ಒಂದೊಂದಾಗಿ ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಮೇ ತಿಂಗಳದ್ದನ್ನು ಬದಿಗೆ ಸರಿಸಿ ಉಳಿದ ನಾಲ್ಕನ್ನು ಹತ್ತಿರ ಹತ್ತಿರ ಇಟ್ಟುಕೊಂಡರು. ಕಾಗದವನ್ನು ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಬೈಯುತ್ತಾರೇನೋ ಎಂದು ಗುಂಡಮ್ಮ ಸೆರಗು ಬಿಗಿಹಿಡಿದಿದ್ದಳು.

‘ಮರೆಪ್ಪ ಎಲ್ಲಿದ್ದಾನ?’ ಎಂದರು.

‘ಕುರಿ ಹಿಂದ ಹೋಗ್ಯಾನ್ರಿ.’

‘ನಾಳಿ ಮುಂಜಾನಿ ಎಲ್ಲರಕಿಂತ ಮೊದಲ ಕರ್ಕೊಂಡು ಬಾ. ಅವನ ಸಂಗಡ ನಾನೇ ಮಾತಾಡ್ತೀನಿ.’ ರಾಜೇಶ್ವರಿಯ ನಂಬರಿಗೆ ಸಂಜೆ ಅವರೇ ಫೋನು ಮಾಡಿದರು. ಸ್ವತಃ ಡಾಕ್ಟರೇ ಫೋನು ಮಾಡಿದ ಮೇಲೆ ಮರೆಪ್ಪನಿಗೆ ‘ಏನಿಲ್ರಿ’ ಎನ್ನಲು ಬಾಯಿ ಬರಲಿಲ್ಲ. ಮರುದಿನ ಮಗ ಸಿದ್ದರಾಮ ತಾನು ಕೆಲಸ ಮಾಡುವ ಪಾಲಿಶ್ ಬಂಡೆಯ ಕಾರ್ಖಾನೆಗೆ ರಜೆ ಹಾಕಿ ಕುರಿ ಹೊಡೆದುಕೊಂಡು ಹೋದ. ಗಂಡ ಹೆಂಡತಿ ಮೊದಲ ಬಸ್ಸು ಹತ್ತಿದರು. ತಾಂಡೂರು ಬರುವ ತನಕ ಮರೆಪ್ಪ ಕಿಟಕಿಯಾಚೆ ನೋಡುತ್ತಿದ್ದ.

ಡಾಕ್ಟರು ಅವನನ್ನು ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಅಂಗಾಲನ್ನು ಸ್ಪಿರಿಟಿನಿಂದ ಒರೆಸಿ, ಟಾರ್ಚು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರು. ಒಂದು ಬ್ಲೇಡು ತೆಗೆದಾಗ ಗುಂಡಮ್ಮ ಎದ್ದು ನಿಂತಳು.

‘ಕೊಯ್ಯಂಗಿಲ್ಲ, ಕುಂದ್ರು. ಮ್ಯಾಲಿನ ಸತ್ತ ಚರ್ಮ ಅಷ್ಟ ಕೆರದು ನೋಡ್ತೀನಿ. ಜೀಡಿ ಆದ್ರ ಬಣ್ಣ ಅದರ ಸಂಗಡ ಬರತದ.’ ಒಣ ಚರ್ಮದ ಪುಡಿ ಬಿಳಿಯಾಗಿ ಉದುರಿತು. ಕಲೆ ಇದ್ದಲ್ಲೇ ಇತ್ತು. ಡಾಕ್ಟರು ತೊಡೆಸಂದಿಯನ್ನೂ ಒತ್ತಿ ನೋಡಿದರು, ಗಂಟು ಸಿಗಲಿಲ್ಲ.

ಆಮೇಲೆ ಮರೆಪ್ಪನನ್ನು ಎದ್ದು ಕೂರಿಸಿ, ‘ನಿನ್ನ ಹೆಣ್ತಿ ಬರದಾಳ. ಓದ್ತೀನಿ. ಎಲ್ಲಿ ತಪ್ಪದ ಅಲ್ಲಿ ತಡಿ’ ಎಂದು ಕಾಗದವನ್ನು ಗಟ್ಟಿಯಾಗಿ ಓದತೊಡಗಿದರು. ಮುಳ್ಳು, ಜನವರಿ 20, ಜೀಡಿ. ‘ಮೊದಲು ಹಚ್ಚಿದವಳು ನಾನು’ ಎಂಬಲ್ಲಿಗೆ ಬಂದರು.

‘ತಡೀರಿ’ ಎಂದ ಮರೆಪ್ಪ.

ಡಾಕ್ಟರು ತಲೆಯೆತ್ತಿದರು. ಮರೆಪ್ಪ ನೆಲ ನೋಡುತ್ತ ಕೂತಿದ್ದ.

‘ಆಕಿದೇನೂ ತಪ್ಪಿಲ್ರಿ. ಕರಿ ಕಲಿ ಮುಳ್ಳಕಿಂತ ಮೊದಲ ಇತ್ರಿ. ಹೋದ ವರ್ಷ ಬ್ಯಾಸಿಗ್ಯಾಗ ನೋಡಿದ್ದೆ. ಸಾಸಿವಿಕಿಂತ ಜರಾ ದೊಡ್ಡದಿತ್ತು. ಯಾರಿಗೂ ಹೇಳಿದ್ದಿಲ್ಲ. ಮುಳ್ಳು ಬಾಜೂಕ ಮುರೀತು, ಆಕಿ ಜೀಡಿ ಹಚ್ಚಿದ್ಳು, ಚಲೋ ಆತು ಮುಚ್ಚಿ ಹೋತು ಅಂದ್ಕೊಂಡೆ. ನೀವು ಕೇಳಿದಾಗೂ ಜೀಡಿನೇ ಅಂದೆ. ಮೇ ತಿಂಗಳದಾಗ ಮತ್ತ ಹಚ್ಚಿದ್ದೂ ಅದಕ್ಕರಿ, ಫೋಟೋದಾಗ ಕಾಣಬಾರದು ಅಂತ.’

ಗುಂಡಮ್ಮ ಗಂಡನ ಕಡೆ ತಿರುಗಿದಳು. ಐದು ತಿಂಗಳು ತನ್ನ ಕೈಯಿಂದಲೇ ಏನೋ ಕೆಟ್ಟದ್ದಾಯಿತೆಂದು ಒಳಗೊಳಗೇ ಬೆಂದಿದ್ದಳು. ಈ ಮನುಷ್ಯ ಎಲ್ಲ ನೋಡಿಕೊಂಡು ಸುಮ್ಮನಿದ್ದ! ಆ ಕ್ಷಣ ಅವನ ಮೇಲೆ ಬಂದಷ್ಟು ಸಿಟ್ಟು ಮೂವತ್ತೈದು ವರ್ಷದ ಸಂಸಾರದಲ್ಲಿ ಎಂದೂ ಬಂದಿರಲಿಲ್ಲ.

‘ಯಾಕ?’ ಎಂದಳು.

‘ಅಪ್ಪನ ಕಾಲು ಕಡದಂಗ ನಂದೂ ಕಡೀತಾರಂತ’ ಎಂದ ಮರೆಪ್ಪ.

ಡಾಕ್ಟರು ಕಾಗದದ ಮೇಲೆ ಜನವರಿ 20ರ ಎದುರಿಗೆ ‘ಮುಳ್ಳಿಗಿಂತ ಮೊದಲೇ, ಹಿಂದಿನ ಬೇಸಿಗೆಯಿಂದ ಇದೆ’ ಎಂದು ಬರೆದರು. ‘ಮರೆಪ್ಪಾ, ನೀ ಮುಚ್ಚಿಟ್ಟಿ, ಖರೆ. ನಾನೂ ಅರ್ಧ ನಿಮಿಷ ನೋಡಿ ಜೀಡಿ ಅಂದೆ. ನನ್ನ ಗಲತಿನೂ ಅದ. ಈಗ ಇದರ ಉತ್ತರ ಕೊಡ್ತೀನಿ, ಇಬ್ಬರೂ ಕೇಳ್ರಿ’ ಎಂದು ಪ್ರಶ್ನೆಗಳ ಕಡೆ ತಿರುಗಿದರು.

ಅಂಗಾಲಿನ ಜೀಡಿ ಹೆಚ್ಚೆಂದರೆ ಒಂದೆರಡು ತಿಂಗಳಿಗೆ ಚರ್ಮದ ಜೊತೆ ಉದುರಿ ಹೋಗಬೇಕು. ಹಚ್ಚದೆ ಬೆಳೆಯುವುದು ಜೀಡಿಯಲ್ಲ. ಸುಡುವ ಮಾತು ಎತ್ತಲೇಬಾರದು, ಸುಟ್ಟರೆ ಮೇಲೆ ಕಾಣುವುದು ಹೋಗಿ ಒಳಗಿನದು ಉಳಿಯುತ್ತದೆ, ಪರೀಕ್ಷೆಗೂ ಏನೂ ಸಿಗುವುದಿಲ್ಲ. ಪರೀಕ್ಷೆಯೆಂದರೆ ಮರಗಟ್ಟುವ ಸೂಜಿ ಕೊಟ್ಟು ಸಣ್ಣ ತುಂಡು ತೆಗೆದು ಲ್ಯಾಬಿಗೆ ಕಳಿಸುವುದು, ಅದಕ್ಕೆ ಬಯಾಪ್ಸಿ ಎನ್ನುತ್ತಾರೆ. ಹೈದರಾಬಾದಿನ ದೊಡ್ಡ ಸರಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಇದೇ ವಾರದೊಳಗೆ ಹೋಗಬೇಕು. ‘ಶುಕ್ರವಾರ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಲ್ಲಿಯ ತನಕ ನಡೆಯಬಹುದು, ಬರಿಗಾಲಲ್ಲಿ ಬೇಡ.

‘ಇದು ಏನ್ರಿ?’ ಎಂದಳು ಗುಂಡಮ್ಮ.

‘ಬಯಾಪ್ಸಿ ಆಗದೆ ನಾ ಹೇಳಿದ್ರ ಅದು ಇನ್ನೊಂದು ಗಲತಿ ಆಗತದ. ಆದ್ರ ಮುಚ್ಚಿಡಂಗಿಲ್ಲ. ಒಂದು ನಮೂನಿ ಚರ್ಮದ ಕ್ಯಾನ್ಸರ್ ಹಿಂಗ ಅಂಗಾಲಿನಾಗ ಬರತದ. ಅದು ಇರಬಹುದು ಅಂತ ನಂಗ ಅನುಮಾನ ಅದ. ಅದಕ್ಕ ಶುಕ್ರವಾರ ಅಂದೆ.’

ಡಾಕ್ಟರು ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರು. ಗುಂಡಮ್ಮನ ತಾರೀಖುಗಳು, ಅಳತೆಗಳು, ಮೇ ತಿಂಗಳ ಫೋಟೋ ಬಿಟ್ಟುಬಿಡಬೇಕೆಂಬ ಮಾತು, ಫೆಬ್ರುವರಿಯಲ್ಲಿ ತಾವೇ ಅದನ್ನು ಬರೀ ಕಲೆ ಎಂದು ಕಳಿಸಿದ್ದು, ಎಲ್ಲವನ್ನೂ ಅದರಲ್ಲಿ ಸೇರಿಸಿದರು. ಓದಿ ಹೇಳಿ, ಗುಂಡಮ್ಮನ ಹಾಳೆಯನ್ನೂ ಫೋಟೋಗಳನ್ನೂ ಅದಕ್ಕೇ ಸೇರಿಸಿ ಪಿನ್ನು ಹಾಕಿದರು.

ವಾಪಸ್ಸು ಬಸ್ಸಿನಲ್ಲಿ ಗುಂಡಮ್ಮ ಬೇಕೆಂದೇ ಬೇರೆ ಸೀಟಿನಲ್ಲಿ ಕೂತಳು. ಊರಿಗೆ ಬಂದು ಎರಡು ದಿನ ಅವನ ಮುಂದೆ ರೊಟ್ಟಿ ಇಟ್ಟಳೇ ಹೊರತು ಮಾತಾಡಲಿಲ್ಲ. ಮೂರನೆಯ ದಿನ ಶುಕ್ರವಾರ. ತಾಂಡೂರು ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಅವನು ಹಿಂದೆಮುಂದೆ ನೋಡಿದ್ದೇ ತಡ, ‘ಹತ್ತು’ ಎಂದಳು. ಹತ್ತಿದ.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಮ್ಮ ಬೆಳಕಿನ ಕನ್ನಡಿಯೊಂದನ್ನು ಅಂಗಾಲಿಗೆ ಒತ್ತಿ ನೋಡಿ, ಚರ್ಮದ ಉಬ್ಬು ಏಣುಗಳ ಮೇಲೆಯೇ ಬಣ್ಣ ಹರಡಿದೆ, ಮಾಮೂಲಿ ಮಚ್ಚೆಯಲ್ಲಾದರೆ ಅದು ಸಾಮಾನ್ಯವಾಗಿ ಏಣುಗಳ ನಡುವಿನ ತಗ್ಗು ಗೆರೆಯಲ್ಲಿರುತ್ತದೆ ಎಂದು ತೆಲುಗಿನಲ್ಲಿ ಹೇಳಿದರು. ಅದೇ ದಿನ ತುಂಡು ತೆಗೆದರು. ಎರಡು ವಾರಕ್ಕೆ ರಿಪೋರ್ಟು ಬಂತು. ಮೆಲನೋಮ. ಕ್ಯಾನ್ಸರೇ. ಆದರೆ ಆಳ ಒಂದು ಮಿಲಿಮೀಟರಿಗಿಂತ ಸಾಕಷ್ಟು ಕಡಿಮೆ, ಮೇಲೆ ಒಡೆದಿಲ್ಲ. ಕಾಲು ಕತ್ತರಿಸುವ ಮಾತೇ ಇಲ್ಲ, ಸುತ್ತ ಒಂದು ಸೆಂಟಿಮೀಟರು ಚರ್ಮ ಸೇರಿಸಿ ತೆಗೆದು ತೊಡೆಯ ಚರ್ಮ ಕೂಡಿಸುತ್ತೇವೆ ಎಂದರು. ಕಾಲು ಉಳಿಯುತ್ತದೆ ಎಂದು ಕೇಳಿದಾಗ ಮರೆಪ್ಪ ಆ ಡಾಕ್ಟರಮ್ಮನಿಗೆ ಎರಡೂ ಕೈ ಎತ್ತಿ ಮುಗಿದ.

ಆಗಸ್ಟಿನಲ್ಲಿ ಆಪರೇಷನ್ ಆಯಿತು. ಆರು ವಾರ ಕಾಲು ನೆಲಕ್ಕೆ ಊರಬಾರದೆಂದರು. ಆ ಆರು ವಾರ ಕುರಿ ಹಿಂದೆ ನಡೆದವಳು ಗುಂಡಮ್ಮ. ಐವತ್ತೆರಡರ ಹೆಂಗಸು, ತಲೆಗೆ ಟವೆಲ್ ಸುತ್ತಿ, ಗಂಡನ ಬಡಿಗೆ ಹಿಡಿದು, ಯಾಲಾಲಿನ ದಿಕ್ಕಿನ ಬೋಳು ಗುಡ್ಡಗಳಿಗೆ ಹೋಗಿ ಬರುತ್ತಿದ್ದಳು. ಸಂಜೆ ಬಂದರೆ ಮರೆಪ್ಪ ಮಂಚದ ಮೇಲೆ ಕೂತು ಹಟ್ಟಿಗೆ ಬರುವ ಕುರಿಗಳನ್ನು ಎಣಿಸುತ್ತಿದ್ದ. ಅವಳು ಎದುರಿಗೆ ಕೂತು ನೀರು ಕುಡಿಯುತ್ತಿದ್ದಳು. ಸಿಟ್ಟು ಎಂದು ಇಳಿಯಿತೆಂದು ಅವಳಿಗೂ ಗೊತ್ತಾಗಲಿಲ್ಲ, ಆಯಾಸದಲ್ಲಿ ಎಲ್ಲೋ ಹೋಯಿತು.

ಸೆಪ್ಟೆಂಬರ್ ಕೊನೆಗೆ ಕೊನೆಯ ರಿಪೋರ್ಟು ಹಿಡಿದು ಇಬ್ಬರೂ ತಾಂಡೂರಿಗೆ ಬಂದರು. ಮರೆಪ್ಪ ಮೆತ್ತನೆಯ ಚಪ್ಪಲಿಯಲ್ಲಿ ಮೆಲ್ಲಗೆ ನಡೆಯುತ್ತಿದ್ದ. ಡಾಕ್ಟರ್ ಆತ್ಮಾರಾಮ ರಿಪೋರ್ಟು ಓದಿ, ತೆಗೆದ ಚರ್ಮದ ಅಂಚಿನಲ್ಲಿ ಎಲ್ಲೂ ಕ್ಯಾನ್ಸರ್ ಉಳಿದಿಲ್ಲ, ಸ್ವಚ್ಛ ಇದೆ ಎಂದರು. ಮೂರು ತಿಂಗಳಿಗೊಮ್ಮೆ ಬರಬೇಕು, ಮೈಮೇಲೆ ಹೊಸದೇನಾದರೂ ಕಂಡರೆ, ತೊಡೆಸಂದಿಯಲ್ಲಿ ಗಂಟು ಸಿಕ್ಕರೆ ಅಂದೇ ಬರಬೇಕು ಎಂದರು. ಗುಂಡಮ್ಮ ತಲೆಯಾಡಿಸಿ ಏಳಲು ಹೊರಟಳು. ಮರೆಪ್ಪ ಏಳಲಿಲ್ಲ.

‘ಡಾಕ್ಟ್ರೇ, ಒಂದು ಕೇಳ್ಲೇನ್ರಿ?’ ಎಂದ. ‘ನಾ ಇದ್ರಾಗ ಸಾಯ್ತೀನೇನ್ರಿ?’

ಗುಂಡಮ್ಮ ನಿಂತಲ್ಲೇ ನಿಂತಳು. ಆರು ಪ್ರಶ್ನೆ ಬರೆದವಳು ಅವಳು. ಇದೊಂದನ್ನು ಬರೆಯಲು ಅವಳಿಗೆ ಕೈ ಬಂದಿರಲಿಲ್ಲ.

ಡಾಕ್ಟರು ರಿಪೋರ್ಟು ಕೆಳಗಿಟ್ಟು ಅವನ ಮುಖ ನೋಡಿದರು. ‘ಇಷ್ಟು ತೆಳುವಿದ್ದಾಗ ಸಿಕ್ಕವರು ಭಾಳ ಮಂದಿ ಉಳೀತಾರ, ಮರೆಪ್ಪಾ. ನೀನೂ ಉಳೀತಿ ಅಂತ ನಂಗ ಅನಿಸ್ತದ. ಕೈ ಮ್ಯಾಲ ಕೈ ಹೊಡದು ಹೇಳಾಕ ಬರಂಗಿಲ್ಲ, ಅದಕ್ಕ ಮೂರು ತಿಂಗಳಿಗೊಮ್ಮೆ ಬಾ ಅಂದೆ. ಇನ್ನೊಂದು ವರ್ಷ ಜೀಡಿ ಅಂತ ಕುಂತಿದ್ರ, ಈ ಮಾತು ಹೇಳಾಕ ನನ್ನ ಕಡಿಂದ ಆಗ್ತಿದ್ದಿಲ್ಲ.’

ಗುಂಡಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ಮುಳ್ಳು ತೆಗೆದಂದಿನಿಂದ ಆ ತನಕ ಒಂದು ಹನಿ ಕಣ್ಣೀರು ಹಾಕದವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಷ್ಟರಲ್ಲಿ ಮೊಗಲಪ್ಪ ಬಾಗಿಲು ತೆರೆದು ಮುಂದಿನ ನಂಬರು ಕೂಗಿದ. ಚೀಟಿ ಹಿಡಿದವನೊಬ್ಬ ಒಳಗೆ ಕಾಲಿಟ್ಟ.

ಮರೆಪ್ಪ ಕೂತಲ್ಲಿಂದಲೇ ಕೈ ಅಡ್ಡ ಮಾಡಿದ. ‘ಜರಾ ತಡೀರಿ. ನಮ್ದು ಇನ್ನೂ ಮುಗದಿಲ್ಲ’ ಎಂದ.